ವಾರ್ಡ್‌ರೋಬಿನೊಳಗೆ ಓದಿದ ಸುರಕ್ಷತಾ ಪಾಠ

ಸೋಂಪುರದ ಒಂದು ಕಾರ್ಖಾನೆಯಲ್ಲಿ ನಾನು ತರಬೇತಿ ವಿಭಾಗ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರುವವರಿಗೆ ತೋರಿಸುವ ಸುರಕ್ಷತಾ ವಿಡಿಯೊದ ವಿವರಣೆ ಹಿಂದಿಯಲ್ಲಿತ್ತು. ಅದಕ್ಕೆ ಕನ್ನಡದ ದನಿ ಹಾಕಿಸಬೇಕೆಂದು ಮ್ಯಾನೇಜರ್ ತೀರ್ಮಾನಿಸಿದರು, ಸ್ಟುಡಿಯೊ ಖರ್ಚು ಮಾತ್ರ ಬೇಡವೆಂದರು. ತರಬೇತಿ ಕೋಣೆಯಲ್ಲಿದ್ದ ಸಣ್ಣ ಮೈಕನ್ನು ನನ್ನ ಕೈಗಿತ್ತು, ಮನೆಯಲ್ಲೇ ಓದಿಕೊಂಡು ಬನ್ನಿ ಎಂದರು.

ನೆಲಮಂಗಲದಲ್ಲಿ ನಾವಿರುವುದು ಬಾಡಿಗೆ ಮನೆಯ ಮೊದಲ ಮಹಡಿ. ಹಾಲ್‌ನಲ್ಲಿ ಕೂತು ಒಂದು ಪುಟ ಓದಿ ಕೇಳಿದೆ. ಬರಿಯ ಗೋಡೆ, ಟೈಲ್ಸ್ ನೆಲ. ಬಾವಿಯೊಳಗಿಂದ ಕೂಗಿದಂತಿತ್ತು. ಮಲಗುವ ಕೋಣೆಯ ವಾರ್ಡ್‌ರೋಬ್‌ನಲ್ಲಿ ಕೂತು ಓದಿದರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದು ನೆನಪಾಯಿತು. ಸೀರೆ, ಶರ್ಟು ನೇತುಹಾಕುವ ಭಾಗದ ಕೆಳಗಿನ ಹಲಗೆ ತೆಗೆದು, ಪ್ಲಾಸ್ಟಿಕ್ ಸ್ಟೂಲ್ ಇಟ್ಟೆ. ಮೂರು ಕಡೆಗೂ ಹಾಸಿಗೆ ಹೊದಿಕೆಗಳನ್ನು ಇಳಿಬಿಟ್ಟೆ. ಈ ಸಲ ದನಿ ಬಾವಿಯಿಂದ ಡಬ್ಬಿಗೆ ಬಂದಿತ್ತು, ಅಷ್ಟೇ.

ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಬಂದು ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಈ ತೆಳು ಬಟ್ಟೆ ಏನು ತಡೆದೀತು ರೀ? ದಪ್ಪಗಿರೋದು ಹಾಕ್ಬೇಕು."

ಅಟ್ಟದ ಮೇಲಿದ್ದ ಎರಡು ಉಣ್ಣೆ ಕಂಬಳಿ, ಒಂದು ರಜಾಯಿ ಇಳಿಸಿ, ಎರಡೆರಡು ಮಡಿಕೆ ಮಾಡಿ ಹಿಂಬದಿಗೂ ಪಕ್ಕಗಳಿಗೂ ಸಿಕ್ಕಿಸಿದಳು. ಮೂಲೆಗಳಲ್ಲಿ ದಿಂಬು ತುಂಬಿದಳು. ನಾನು ಒಳಗೆ ಕೂತ ಮೇಲೆ ನನ್ನ ಬೆನ್ನ ಹಿಂದೆ, ಅರ್ಧ ತೆರೆದ ಬಾಗಿಲುಗಳ ಮೇಲೆ, ಇನ್ನೊಂದು ರಜಾಯಿ ಹೊದಿಸಿದಳು. ಆಗ ಡಬ್ಬಿಯ ಗುಂಗು ಹೋಯಿತು. ಮಾತು ಬಾಯಿಂದ ಹೊರಟು ಅಲ್ಲೇ ನಿಂತುಹೋಗುತ್ತಿತ್ತು.

ಕಂಬಳಿಗೆ ಪ್ರತಿಧ್ವನಿ ನುಂಗುವುದಷ್ಟೇ ಗೊತ್ತು. ಹೆದ್ದಾರಿಯ ಲಾರಿಗಳ ಸದ್ದು ಹಾಗೆಯೇ ಒಳಗೆ ಬರುತ್ತಿತ್ತು, ಅದು ದಾಟುವವರೆಗೆ ಕಾಯಬೇಕಿತ್ತು. ಹಾಗಾಗಿ ಭಾನುವಾರ ಊಟವಾದ ಮೇಲೆ, ಬೀದಿ ಸ್ವಲ್ಪ ಮಲಗಿದ ಹೊತ್ತಿನಲ್ಲಿ ಓದುವುದೆಂದಾಯಿತು. ಫ್ಯಾನ್ ಬಂದ್, ಫ್ರಿಜ್ ಬಂದ್. ಲ್ಯಾಪ್‌ಟಾಪ್ ಗುರ್ ಅನ್ನುತ್ತದೆಂದು ಅದನ್ನು ಹೊರಗಿಟ್ಟು, ವೈರ್ ಮಾತ್ರ ಒಳಗೆಳೆದುಕೊಂಡೆ. ಹೆಂಡತಿ ಮಂಚದ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದಳು. "ಪ, ಬ ಬಂದಾಗ ಗಾಳಿ ಹೊಡೀತೈತೆ" ಎಂದಳು. ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ, ಒಂದು ಗೇಣು ದೂರದಲ್ಲಿಟ್ಟೆ. ಹಾಳೆ ಸರಿದರೆ ಸದ್ದಾಗುತ್ತದೆಂದು ಫೋನಿನಲ್ಲಿ ನೋಡಿ ಓದಿದೆ. ಹದಿನೈದು ನಿಮಿಷಕ್ಕೆ ಬನಿಯನ್ ಒದ್ದೆಯಾಗುತ್ತಿತ್ತು. ಹೊರಬಂದು ನೀರು ಕುಡಿದು ಮತ್ತೆ ಒಳಗೆ ಹೋಗುತ್ತಿದ್ದೆ.

ಹೆಲ್ಮೆಟ್, ಶೂಸ್, ಬೆಂಕಿ ನಂದಿಸುವ ಸಿಲಿಂಡರ್, ಎಲ್ಲ ಸಲೀಸಾಗಿ ಮುಗಿಯಿತು. ಪ್ರೆಸ್ ಮೆಷಿನ್ನಿನ ಭಾಗಕ್ಕೆ ಬಂದೆ. "ಎರಡೂ ಬಟನ್‌ಗಳನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಿರಿ. ಯಾವ ಕಾರಣಕ್ಕೂ ಒಂದು ಬಟನ್ನಿಗೆ ಟೇಪ್ ಅಂಟಿಸಬೇಡಿ."

"ಇನ್ನೊಂದ್ಸಲ" ಎಂದಳು.

ಓದಿದೆ.

"ಟೇಪ್ ಅನ್ನೋ ಹತ್ರ ದನಿ ಸಣ್ಣಗಾಗ್ತೈತೆ. ಯಾರಿಗೋ ಹೆದರ್ಕೊಂಡಂಗೆ."

ಐದು ಸಲ ಓದಿದೆ. ಐದು ಸಲವೂ ಹಾಗೆಯೇ ಆಯಿತು. ಹೊರಗಡೆ ಒಂದು ಲಾರಿ ಬಂತು. ಅದು ದೂರವಾಗುವವರೆಗೆ ಕಂಬಳಿಯ ಕಡೆ ಮುಖ ಮಾಡಿ ಸುಮ್ಮನೆ ಕೂತಿದ್ದೆ. ಆಮೇಲೆ ಮುಂದಿನ ಸಾಲು ಓದುವ ಬದಲು ಬೇರೆಯದನ್ನು ಹೇಳಿದೆ.

ಆರು ವರ್ಷದ ಹಿಂದೆ ನಾನು ಪ್ರೆಸ್ ಶಾಪಿನ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಅಲ್ಲಿದ್ದದ್ದು ತಗಡು ಒತ್ತಿ ಆಕಾರ ಕೊಡುವ ಹಳೆಯ ಮೆಷಿನ್ನುಗಳು. ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಎರಡೂ ಕೈ ಬಟನ್ ಮೇಲಿರುವುದರಿಂದ ಡೈ ಎಂಬ ಅಚ್ಚಿನ ಕೆಳಗೆ ಕೈ ಇರುವುದಿಲ್ಲ. ಒಂದು ಬಟನ್ನಿಗೆ ಟೇಪ್ ಸುತ್ತಿ ಒತ್ತಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಪೀಸು ಬೇಗ ಬೇಗ ಇಡಬಹುದು. ಆ ದಿನ ಮಾಲು ತುರ್ತಾಗಿ ಹೋಗಬೇಕಿತ್ತು. ಟೇಪ್ ಸುತ್ತಿದವನು ನಾನೇ. ಆಪರೇಟರ್‌ಗೆ, ನನಗಿಂತ ಹತ್ತು ವರ್ಷ ಹಿರಿಯನಿಗೆ, ಎಡಗೈಯ ಎರಡು ಬೆರಳು ಹೋದವು. ಜನ ಅವನನ್ನು ಎತ್ತಿಕೊಂಡು ಓಡುವಾಗ ಟೇಪನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಆದರೂ ಬಟನ್ನಿನ ಮೇಲೆ ಅಂಟು ಉಳಿದಿತ್ತು. ಆಪರೇಟರನೇ ಟೇಪ್ ಹಾಕಿಕೊಂಡಿದ್ದನೆಂದು ವಿಚಾರಣೆಯಲ್ಲಿ ಬರೆದರು. ನಾನು ಅದಕ್ಕೆ ಸಹಿ ಮಾಡಿದೆ.

ಇಷ್ಟನ್ನೂ ಮೈಕಿನ ಮುಂದೆ ಹೇಳಿದೆ. ಹೆಂಡತಿ ಹೆಡ್‌ಫೋನ್ ಹಾಕಿಕೊಂಡಿದ್ದಾಳೆಂದು ನನಗೆ ಗೊತ್ತಿತ್ತು. ಮುಖ ಕಾಣದಿದ್ದುದರಿಂದ ಹೇಳಲು ಸಾಧ್ಯವಾಯಿತೋ ಏನೋ.

ಅವಳು ರಜಾಯಿ ಸರಿಸಿದಳು. ಹೆಡ್‌ಫೋನ್ ಕತ್ತಿನಲ್ಲಿತ್ತು.

"ಬೆರಳು ಹೋದೋರಿಗೆ ಇದು ಗೊತ್ತಾ?"

"ಗೊತ್ತಿಲ್ಲದೆ ಏನು. ಪಕ್ಕದಲ್ಲೇ ನಿಂತಿದ್ರು."

"ಹಂಗಾದ್ರೆ ಗೊತ್ತಿಲ್ದೆ ಇದ್ದಿದ್ದು ನನಗೊಬ್ಬಳಿಗೆ."

ಅವಳು ಫ್ರಿಜ್ ಹಾಕಲು ಅಡುಗೆಮನೆಗೆ ಹೋದಳು. ಎರಡು ದಿನ ಬೇಕಾದಷ್ಟೇ ಮಾತಾಡಿದಳು. ಮೂರನೆಯ ದಿನ ತಟ್ಟೆ ಇಡುತ್ತಾ, "ಓದೋದು ಆಮೇಲೆ ಇರ್ಲಿ. ಮೊದ್ಲು ಹೋಗಿ ಮಾತಾಡ್ಕೊಂಡು ಬನ್ನಿ" ಎಂದಳು.

ಆ ಆಪರೇಟರ್‌ಗೆ ಈಗ ನಮ್ಮ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಊಟದ ವೇಳೆ ಹೋದೆ. ಬಲಗೈಯಲ್ಲಿ ಲೆಡ್ಜರ್ ತಿರುವುತ್ತಿದ್ದ. ಆರು ವರ್ಷದಲ್ಲಿ ನಾವು ದಿನವೂ ಎದುರಾಗಿದ್ದೇವೆ, ನಮಸ್ಕಾರ ಹೇಳಿಕೊಂಡಿದ್ದೇವೆ.

"ಅಣ್ಣ, ಆ ಟೇಪ್ ವಿಷಯ" ಎಂದೆ.

ಅವನು ತಲೆಯೆತ್ತಲಿಲ್ಲ. "ಈಗ್ಯಾಕೆ ಸಾರ್?"

"ಮ್ಯಾನೇಜರ್‌ಗೆ ಬರೆದು ಕೊಡ್ತೀನಿ, ಹಾಕಿದ್ದು ನಾನು ಅಂತ."

"ಬರೆದ್ರೆ ಬೆರಳು ಬರಲ್ಲ." ಲೆಡ್ಜರ್ ಮುಚ್ಚಿದ. "ಆದ್ರೂ ಬರೀರಿ. ನಮ್ಮ ಹುಡುಗಿ ಮದುವೆ ಮಾತುಕತೆಲಿ ಬೀಗರ ಕಡೆಯೋರು ಕೇಳಿದ್ರು, ನಿಮ್ಮ ತಪ್ಪಿಂದಲೇ ಕೈ ಹೋಯ್ತಂತಲ್ಲ ಅಂತ. ಅವತ್ತು ನಂಗೆ ಉತ್ತರ ಹೇಳಕ್ಕಾಗ್ಲಿಲ್ಲ."

ಬರೆದುಕೊಟ್ಟೆ. ಹಳೆಯ ಫೈಲು ಯಾಕೆ ತೆಗೆಯುತ್ತೀರಿ ಎಂದು ಮ್ಯಾನೇಜರ್ ಎರಡು ವಾರ ಕಾಲ ತಳ್ಳಿದರು. ಕೊನೆಗೆ ವಿಚಾರಣೆಯ ವರದಿಗೆ ನನ್ನ ಪತ್ರವನ್ನು ಲಗತ್ತಿಸಿ, ನನಗೆ ಎಚ್ಚರಿಕೆಯ ಮೆಮೊ ಕೊಟ್ಟರು. ಕೆಲಸ ಉಳಿಯಿತು. ಆ ಪತ್ರದ ನಕಲು ಒಂದನ್ನು ಅವನು ಕೇಳಿ ಪಡೆದು ಮನೆಗೆ ಒಯ್ದ.

ವಿಡಿಯೊದ ಆ ಭಾಗ ಇನ್ನೂ ಖಾಲಿ ಇತ್ತು. ಅದನ್ನು ನೀವೇ ಹೇಳಬೇಕೆಂದು ಅವನನ್ನು ಕೇಳಿದೆ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದ. ವಾರ್ಡ್‌ರೋಬ್ ನೋಡಿ, "ಇದ್ರೊಳಗಾ?" ಎಂದ. ಹೆಂಡತಿ ಸ್ಟೂಲ್ ಒರೆಸಿ ಕೊಟ್ಟಳು. ಬರೆದದ್ದನ್ನು ಓದಲು ಅವನು ಒಪ್ಪಲಿಲ್ಲ, ಬಾಯಲ್ಲಿ ಬಂದಂತೆ ಹೇಳಿದ. ಶುರುವಿನಲ್ಲಿ ಮೈಕಿಗೆ ತೀರ ಹತ್ತಿರ ಹೋಗಿ ಮಾತು ಒಡೆಯಿತು. ಹೆಂಡತಿ, "ಅಣ್ಣ, ಒಂದು ಗೇಣು ಹಿಂದಕ್ಕೆ" ಎಂದಳು. ಅವನು ಎಡಗೈ ಚಾಚಿ ಅಳೆಯಲು ಹೋಗಿ, ಬಲಗೈಗೆ ಬದಲಾಯಿಸಿಕೊಂಡ.

ಎರಡನೆಯ ಸಲಕ್ಕೆ ಸರಿಯಾಯಿತು. "ಒಂದು ಬಟನ್ನಿಗೆ ಟೇಪ್ ಸುತ್ತಿದ್ದು ನೋಡಿ ನಾನು ಕೆಲಸ ನಿಲ್ಲಿಸ್ಬೇಕಿತ್ತು. ನಿಲ್ಲಿಸ್ಲಿಲ್ಲ. ನೀವು ನಿಲ್ಸಿ. ಸೂಪರ್‌ವೈಸರ್ ಹೇಳಿದ್ರೂ ನಿಲ್ಸಿ."

ಮ್ಯಾನೇಜರ್ ಕೊನೆಯ ಸಾಲನ್ನು ತೆಗೆಯಲು ಹೇಳಿದರು. ಅದು ಹೋದರೆ ನನ್ನ ದನಿಯೂ ಬೇಡ ಎಂದೆ. ಇನ್ನೊಬ್ಬರನ್ನು ಹುಡುಕಿ ಮೊದಲಿನಿಂದ ಓದಿಸುವ ಪುರುಸೊತ್ತು ಅವರಿಗಿರಲಿಲ್ಲ. ಸಾಲು ಉಳಿಯಿತು.

ಈಗ ಪ್ರತಿ ಹೊಸ ತಂಡಕ್ಕೂ ಆ ವಿಡಿಯೊ ಹಾಕುತ್ತೇನೆ. ಅವನ ಮಾತು ಬರುವಾಗ ಹುಡುಗರು ಫೋನ್ ಕೆಳಗಿಡುತ್ತಾರೆ. ಮುಗಿದ ಮೇಲೆ ಕೆಲವರು, ಆ ಸೂಪರ್‌ವೈಸರ್ ಯಾರು ಸಾರ್ ಎಂದು ಕೇಳುತ್ತಾರೆ. ನಾನೇ ಎಂದು ಹೇಳುತ್ತೇನೆ.