ಗರ್ಭಕೋಶದೊಳಗೊಂದು ಅಡ್ಡಗೋಡೆ

ಮೂರನೇ ಸಲವೂ ಗರ್ಭ ನಿಲ್ಲದಿದ್ದಾಗ ನಾನು ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ಗೋಡೆಗೆ ಸರಿಸಿಬಿಟ್ಟೆ. ಗೋವಿಂದರಾಜನಗರದ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಪೆಡಲ್ ತುಳಿದೂ ತುಳಿದೂ ಮಗು ಜಾರಿಹೋಯಿತೆಂದು ಅಕ್ಕಪಕ್ಕದವರು ಹೇಳಿದ್ದರು. ನಾನೂ ಅದನ್ನು ನಂಬಿಬಿಟ್ಟಿದ್ದೆ.

ನಂಬದಿದ್ದವರು ನನ್ನ ಅತ್ತೆ ಒಬ್ಬರೇ. ಹೇರೋಹಳ್ಳಿಯಲ್ಲಿ ಹೊಲ ಗೇಯ್ದು ಬೆಳೆದವರು ಅವರು. "ಎಂಟು ತಿಂಗಳಾಗೋ ತನಕ ಹುಲ್ಲು ಹೊರೆ ಹೊತ್ತಿದೀನಿ ನಾನು. ಮಿಷನ್ ಏನ್ ಮಹಾ! ನಡಿ, ದೊಡ್ಡ ಡಾಕ್ಟ್ರಿಗೇ ತೋರಿಸೋಣ" ಎಂದು ರಾಜಾಜಿನಗರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಸಿಟಿ ಬಸ್ ಕಂಡಕ್ಟರಾಗಿದ್ದ ನನ್ನ ಗಂಡ ಅವತ್ತು ರಜ ಹಾಕಿ ಜೊತೆಗೆ ಬಂದರು.

ಡಾಕ್ಟರಮ್ಮ ಕೆಲವು ರಕ್ತ ಪರೀಕ್ಷೆ ಬರೆದರು. ಮುಂದಿನ ಮುಟ್ಟು ಮುಗಿದ ಮೇಲೆ ಗರ್ಭಕೋಶಕ್ಕೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆಸಲು ಹೇಳಿದರು. ಅದನ್ನು ತೆಗೆಯುವಾಗ ಕಿಬ್ಬೊಟ್ಟೆ ಹಿಂಡಿದಂತೆ ನೋವಾಯಿತು, ಆದರೆ ಬೇಗ ಮುಗಿಯಿತು. ರಕ್ತ ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಎಕ್ಸ್‌ರೇಯಲ್ಲಿ ಮಾತ್ರ ಒಂದೇ ಕೋಣೆಯಾಗಿ ಕಾಣಬೇಕಿದ್ದ ಗರ್ಭಕೋಶ ಮೇಲ್ಗಡೆ ಎರಡಾಗಿ ಕವಲೊಡೆದಿತ್ತು. ರಿಪೋರ್ಟಿನಲ್ಲಿ 'ಎರಡು ಕೊಂಬಿನ ಗರ್ಭಕೋಶ ಇರಬಹುದು' ಎಂದು ಬರೆದಿತ್ತು.

ನನ್ನ ಗಂಡ ಅದನ್ನು ಓದಿ ಹೇಳಿದ್ದೇ ತಡ, ಅತ್ತೆ ಗಾಬರಿಯಾದರು. "ಏನ್ ಡಾಕ್ಟ್ರೇ, ನನ್ ಸೊಸೆಗೆ ಹಸು ತರ ಕೊಂಬು ಬಂದೈತಾ?"

ಡಾಕ್ಟರಮ್ಮ ನಕ್ಕು ಒಂದು ಕಾಗದದ ಮೇಲೆ ಚಿತ್ರ ಬರೆದರು. "ಹೆಣ್ಣುಮಗು ತಾಯಿ ಹೊಟ್ಟೇಲಿದ್ದಾಗ ಎರಡು ಕೊಳವೆ ಸೇರಿ ಒಂದು ಗರ್ಭಕೋಶ ಆಗುತ್ತೆ. ಸೇರಿದ ಮೇಲೆ ನಡುವಿನ ಗೋಡೆ ಕರಗಬೇಕು. ಕೆಲವರಲ್ಲಿ ಕರಗೋದೇ ಇಲ್ಲ, ಇವರಿಗೂ ಹಾಗೇ ಆಗಿರಬಹುದು ಅನ್ಸುತ್ತೆ. ಆ ಗೋಡೆ ಮೇಲೆ ಗರ್ಭ ಅಂಟಿಕೊಂಡ್ರೆ ಸರಿಯಾಗಿ ಬೇರೂರೋದು ಕಷ್ಟ."

"ಹಂಗಾದ್ರೆ ನಾನು ಮಿಷನ್ ತುಳಿದಿದ್ದಕ್ಕಲ್ವಾ ಮೇಡಂ?"

"ಅಯ್ಯೋ, ಅಲ್ಲಮ್ಮ! ನೀವು ಹುಟ್ಟೋಕೆ ಮುಂಚೇನೇ ಇದ್ದಿದ್ದು ಇದು."

ಅಲ್ಲೇ ಅತ್ತುಬಿಟ್ಟೆ. ಆದರೆ ಅದು ದುಃಖದ ಅಳುವಲ್ಲ. ಅತ್ತೆ ತಲೆಯಾಡಿಸುತ್ತ, "ಗೊತ್ತಾಯ್ತು ಬಿಡಿ. ಅಣ್ಣತಮ್ಮಂದಿರು ಭಾಗ ಆದಾಗ ನಮ್ ತೊಟ್ಟಿಮನೇಲೂ ಹಿಂಗೇ ನಡುವೆ ಗೋಡೆ ಎಬ್ಬಿಸಿದ್ರು. ಒಡೆದು ಹಾಕಿ" ಎಂದರು.

"ತಡೀರಿ ಅಮ್ಮ. ಎಕ್ಸ್‌ರೇಲಿ ಒಳಗಡೆ ಮಾತ್ರ ಕಾಣ್ಸುತ್ತೆ. ಹೊರಗಡೆಯಿಂದ್ಲೂ ಗರ್ಭಕೋಶ ಎರಡು ಭಾಗವಾಗಿ ಹಳ್ಳ ಬಿದ್ದಿದ್ರೆ ಅದು ನಿಜವಾಗ್ಲೂ ಎರಡು ಕೊಂಬು, ಅದನ್ನ ಒಳಗಿನಿಂದ ಕತ್ತರಿಸೋ ಹಾಗಿಲ್ಲ, ತೂತಾಗಿಬಿಡುತ್ತೆ. ಹೊರಗೆ ಸಮವಾಗಿದ್ರೆ ಮಾತ್ರ ಕತ್ತರಿಸ್ತೀನಿ." ಹೀಗೆ ಹುಟ್ಟಿದವರಲ್ಲಿ ಕೆಲವರಿಗೆ ಮೂತ್ರಪಿಂಡವೂ ಒಂದೇ ಇರುತ್ತದೆಂದು ಸ್ಕ್ಯಾನ್ ಮಾಡಿಸಿದರು. ನನಗೆ ಎರಡೂ ಇದ್ದವು.

ಆಪರೇಷನ್ ದಿನ ನನಗೆ ಎಚ್ಚರವಿರಲಿಲ್ಲ. ಹೊಕ್ಕುಳ ಹತ್ತಿರದ ಸಣ್ಣ ರಂಧ್ರದಿಂದ ಒಂದು ಕ್ಯಾಮೆರಾ ಇಳಿಸಿ ಹೊರಭಾಗ ನೋಡಿದರಂತೆ. ಸಮವಾಗಿತ್ತು. ಇನ್ನೊಂದು ತೆಳು ಕ್ಯಾಮೆರಾ ಕೆಳಗಿನ ದಾರಿಯಿಂದಲೇ ಗರ್ಭಕೋಶದೊಳಗೆ ಹೋಯಿತು. ಮಾರನೆಯ ದಿನ ಮನೆಗೆ ಹೊರಟಾಗ ಡಾಕ್ಟರಮ್ಮ ಒಂದು ಸೀಡಿ ಕೊಟ್ಟರು.

ಅತ್ತೆ ಅವತ್ತು ಸಂಜೆ ಧಾರಾವಾಹಿಯನ್ನೇ ಬಿಟ್ಟು ಅದನ್ನು ಹಾಕಿಸಿದರು. ಟೀವಿಯಲ್ಲಿ ನನ್ನದೇ ಗರ್ಭಕೋಶ! ನಸುಗೆಂಪು ಗೋಡೆ, ಅದರ ಪಕ್ಕಕ್ಕೆ ಬಂದ ಪುಟ್ಟ ಕತ್ತರಿ. ರಕ್ತ ಧಾರೆಯಾಗಿ ಹರಿಯುತ್ತದೆಂದುಕೊಂಡಿದ್ದೆ, ಹನಿಯಷ್ಟೂ ಕಾಣಲಿಲ್ಲ. ಕತ್ತರಿ ಎಲ್ಲೂ ಎಳೆಯದೆ, ನಡುಮಧ್ಯದಲ್ಲೇ ಚಿಕ್ಕ ಚಿಕ್ಕ ಕಚ್ಚು ಹಾಕುತ್ತ ಮೇಲಕ್ಕೆ ಹೋಯಿತು. ಕೊನೆಗೆ ಎಡಕ್ಕೂ ಬಲಕ್ಕೂ ಇದ್ದ ಅಂಡನಾಳಗಳ ಬಾಯಿ ಎರಡೂ ನಡುವೆ ಗೋಡೆಯಿಲ್ಲದೆ ಒಟ್ಟಿಗೆ ಕಂಡವು.

"ಎಂಥ ಕೈ ಕಣ್ರೀ ಡಾಕ್ಟರಮ್ಮಂದು!" ಎಂದೆ ಗಂಡನಿಗೆ. ಅವರು ಕಣ್ಣು ಮುಚ್ಚಿ ಕೂತಿದ್ದರು. "ಮುಗೀತಾ? ತೆಗೀಬಹುದಾ?" ಎಂದರು. ಅತ್ತೆ ಇನ್ನೊಂದು ಸಲ ಹಾಕಿಸಿದರು.

ಒಳಗಿನ ಪದರ ಬೇಗ ಬೆಳೆಯಲೆಂದು ಒಂದು ತಿಂಗಳು ಹಾರ್ಮೋನ್ ಮಾತ್ರೆ ನುಂಗಿದೆ. ಎರಡು ತಿಂಗಳಾದ ಮೇಲೆ ಡಾಕ್ಟರಮ್ಮ ಮತ್ತೆ ಕ್ಯಾಮೆರಾ ಹಾಕಿ ನೋಡಿದರು. ಕತ್ತರಿಸಿದ ಜಾಗ ಮತ್ತೆ ಎಲ್ಲೂ ಒಂದಕ್ಕೊಂದು ಅಂಟಿಕೊಂಡಿರಲಿಲ್ಲ. ಮೇಲ್ಗಡೆ ಸಣ್ಣ ಅಂಚೊಂದು ಉಳಿದಿತ್ತು, ಅದು ತೊಂದರೆ ಕೊಡದು ಎಂದರು. "ಇನ್ನು ಪ್ರಯತ್ನ ಮಾಡಬಹುದು. ಗ್ಯಾರಂಟಿ ಕೊಡಕ್ಕಾಗಲ್ಲ. ಆದರೆ ಈ ಗೋಡೆ ತೆಗೆದ ಮೇಲೆ ಮಗು ಉಳಿಸ್ಕೊಂಡವರನ್ನ ತುಂಬಾ ಜನ ನೋಡಿದೀನಿ."

ಆ ವರ್ಷವೇ ಮತ್ತೆ ಬಸುರಾದೆ. ನಾಲ್ಕನೇ ತಿಂಗಳು ದಾಟುವವರೆಗೆ ಮನೆಯಲ್ಲಿ ಯಾರೂ ಆ ಸುದ್ದಿಯನ್ನು ಬಾಯಿಬಿಟ್ಟು ಆಡಲಿಲ್ಲ. ಐದನೇ ತಿಂಗಳು, ಮಿಷನ್ನಿನ ಬಟ್ಟೆ ತೆಗೆದು ಮತ್ತೆ ರವಿಕೆ ಹೊಲಿಯುತ್ತಿದ್ದಾಗ ಒಳಗೆ ಏನೋ ಮಿಸುಕಿತು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಅತ್ತೆಯನ್ನು ಕೂಗಿ ಕರೆದೆ.

ಗರ್ಭಕೋಶದ ಆಪರೇಷನ್ ಆಗಿರುವುದರಿಂದ ಸಿಸೇರಿಯನ್ನೇ ಆಗಬೇಕೆಂದು ಎಲ್ಲರೂ ಹೇಳುತ್ತಿದ್ದರು. ಹೊರಗಿನ ಗೋಡೆ ಕತ್ತರಿಸಿಲ್ಲ, ಸಿಸೇರಿಯನ್ ಅಗತ್ಯವಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹೆರಿಗೆಯ ವೇಳೆ ನನ್ನ ಜೊತೆಗೇ ಇದ್ದರು. ಮಗಳು ಹುಟ್ಟಿದಳು. ಅತ್ತೆ ಮಗುವನ್ನು ಎತ್ತಿಕೊಂಡು, "ಮೂಗು ನಂದೇ, ಬಾಯಿ ನಿಂದು. ಇನ್ ಈ ಮನೇಲಿ ನಮಗೆ ಮಾತಾಡಕ್ಕೆ ಸರದಿ ಸಿಕ್ಕಲ್ಲ ಕಣಮ್ಮಿ" ಎಂದರು. ಅಷ್ಟರಲ್ಲಿ ಮಗು ಜೋರಾಗಿ ಕಿರುಚಿತು.