ಸ್ಲ್ಯಾಬಿನ ಕೆಳಗೆ ಅಮರನಾಥನ ಮಂಚ

ಹಲಬರ್ಗಾದಲ್ಲಿ ವಿಮಲಾಬಾಯಿಯ ಮನೆಗೆ ಸ್ಲ್ಯಾಬು ಹಾಕಿ ಮುಗಿದಾಗ ನಾಲ್ಕು ಗಂಟೆ. ಕೂಲಿಯವರು ಹೋಳಿಗೆ ಉಂಡು ಹೋದರು. ಹಿಂದೆಯೇ ಮೋಡ ಬಂತು. ಬೀದರಿನ ಇಂಜಿನಿಯರ್ ಸುಜಿಗೆ ಇದು ಮೊದಲ ಸ್ಲ್ಯಾಬು. ಅವಳು ಹೋಗಲಿಲ್ಲ. ಮೇಸ್ತ್ರಿ ಹಬೀಬನನ್ನೂ ಬಿಡಲಿಲ್ಲ.

ಹಸಿ ಕಾಂಕ್ರೀಟಿಗೆ ಮಳೆ ಬಡಿದರೆ ಸಿಮೆಂಟಿನ ಹಾಲು ತೊಳೆದು ಹೋಗುತ್ತದೆ, ಜಲ್ಲಿ ಬರಿದಾಗಿ ಮೇಲೆ ಕಾಣುತ್ತದೆ. ಇಬ್ಬರೂ ಬಿದಿರು ಕಟ್ಟಿ ಮೇಲೆ ತಾಡಪತ್ರಿ ಎಳೆದರು. ಗಾಳಿ ಅದನ್ನು ಕೀಳಲು ನೋಡಿತು. ನೀರು ನಿಂತು ಜೋತಾಗಲೆಲ್ಲ ಸುಜಿ ಪೊರಕೆಯ ಹಿಡಿಯಿಂದ ಎತ್ತಿ ಹೊರಗೆ ಚೆಲ್ಲಿದಳು.

ರಾತ್ರಿ ಹನ್ನೊಂದಕ್ಕೆ ಕಾಂಕ್ರೀಟಿಗೆ ಹೆಬ್ಬೆರಳು ಒತ್ತಿ ನೋಡಿದಳು. ಗುರುತು ಬೀಳಲಿಲ್ಲ.

"ಹಬೀಬ ಚಾಚಾ, ಗೆದ್ದೇವ್ರಿ! ಇನ್ನ ಮಳಿ ಬಂದ್ರ ನೀರುಣಿಸೋ ಕ್ಯೂರಿಂಗ್ ಪುಕ್ಕಟ."

"ಮ್ಯಾಲ ಕುಣೀಬ್ಯಾಡವ್ವಾ," ಕೆಳಗಿನಿಂದ ವಿಮಲಾಬಾಯಿ ಕೂಗಿದಳು. "ಇಲ್ಲಿ ಹೊಳಿ ಹರಿಲಾಕತ್ತದ."

ಸುಜಿ ಇಳಿದಳು. ಓಣಿಯ ನೀರು ಬಾಗಿಲಲ್ಲಿ ನುಗ್ಗಿತ್ತು. ಪಾಯ ತೋಡಿದ ಕರಿಮಣ್ಣನ್ನೇ ಒಳಗೆ ತುಂಬಿದ್ದರು. ಒಣಗಿದಾಗ ಕಲ್ಲಿನಂತಿತ್ತು, ಸುಜಿಯೂ ಹೂಂ ಅಂದಿದ್ದಳು. ಈಗ ಅದು ಅಂಬಲಿ. ಸ್ಲ್ಯಾಬು ಹೊತ್ತ ಮರದ ಕಂಬಗಳು, ಬಲ್ಲಿಗಳು, ಆ ಮಣ್ಣಿನ ಮೇಲೆ, ಒಂದೊಂದು ಇಟ್ಟಿಗೆಯ ಮೇಲೆ ನಿಂತಿದ್ದವು. ಬಾಗಿಲ ಬಳಿಯ ಮೂರು ಇಟ್ಟಿಗೆ ಮುಳುಗಿದ್ದವು. ಅವುಗಳ ಮೇಲಿನ ಬಲ್ಲಿಗಳು ಅಲುಗಿಸಿದರೆ ಗಡಗಡ ಅಂದವು. ಉಳಿದವು ಬಿಗಿಯಾಗಿದ್ದವು. ಸ್ಲ್ಯಾಬು ಬಿರುಸಾಗಿತ್ತು, ಆದರೆ ಭಾರ ಹೊರುವ ತಾಕತ್ತು ಬಂದಿರಲಿಲ್ಲ. ಅಲ್ಲಿ ಜೋತರೆ ಬಿರುಕು. ವಿಮಲಾಬಾಯಿಗೆ ಇರುವುದು ಇದೊಂದೇ ಸೂರು.

ಹಬೀಬ ಉಸುಕಿನ ಚೀಲ ಒಟ್ಟಿ ಬಾಗಿಲು ಕಟ್ಟಿದ. ಸಲಿಕೆಯಿಂದ ನೀರಿಗೆ ಬೇರೆ ದಾರಿ ತೆಗೆದ.

"ಬಲ್ಲಿ ಕೆಳಗ ಅಗಲ ಹಲಗಿ ಬೇಕ್ರಿ," ಸುಜಿ ಅಂದಳು. "ಭಾರ ಹರಡಬೇಕು. ಎಲ್ಲಿ ತರೋದು ಈಗ?"

ವಿಮಲಾಬಾಯಿ ಪಕ್ಕದ ತಗಡಿನ ಶೆಡ್ಡಿಗೆ ಹೋದಳು. ಅಲ್ಲಿ ಗಂಡ ಅಮರನಾಥನ ಮಂಚವಿತ್ತು. ಸತ್ತು ಎಂಟು ತಿಂಗಳು. ಅದರ ಮೇಲೆ ಯಾರನ್ನೂ ಕೂರಗೊಟ್ಟಿರಲಿಲ್ಲ. ಹಲಗೆ ಒಂದೊಂದಾಗಿ ಕಿತ್ತು ತಂದಳು.

"ಬಾಯಿ, ಇದು..." ಹಬೀಬ ತಡೆದ.

"ಹಲಗಿ ಅದ. ಹಿಡಿ."

ಸಡಿಲ ಬಲ್ಲಿಯ ಪಕ್ಕ ಕೆಸರು ತೆಗೆದು, ಗಟ್ಟಿ ನೆಲ ಸಿಕ್ಕಲ್ಲಿ ಹಲಗೆ ಹಾಸಿದರು. ಅಂಗಳದಲ್ಲಿ ಉಳಿದಿದ್ದ ಬಲ್ಲಿ ತಂದು ನಿಲ್ಲಿಸಿ ಎರಡು ಕಡೆಯಿಂದ ಬೆಣೆ ಕೊಟ್ಟರು. ಹಬೀಬ ಸುತ್ತಿಗೆ ಎತ್ತಿದ.

"ಮೆಲ್ಲಕ ಚಾಚಾ! ಬಿಗಿ ಆದ್ರ ಸಾಕು. ಸ್ಲ್ಯಾಬು ಎತ್ತಾಕ ಹೋದ್ರ ನಾವೇ ಒಡೀತೇವಿ."

ಬಿಗಿಯಾಯಿತು. ಸ್ಲ್ಯಾಬು ಜೋತರೆ ತಿಳಿಯಲೆಂದು ಸುಜಿ ಅದನ್ನು ಹೊತ್ತ ಸೆಂಟ್ರಿಂಗಿನ ಹಲಗೆಗಳ ಕೆಳಗೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿದಳು. ಉದ್ದಕ್ಕೂ ಒಂದೇ ಬೆರಳಿನ ಸಂದಿ. ಬೆಳಗಿನ ತನಕ ಗಂಟೆಗೊಮ್ಮೆ ಬೆರಳಿಟ್ಟು ನೋಡಿದಳು. ಸಂದಿ ಬದಲಾಗಲಿಲ್ಲ.

ಮಳೆ ನಿಂತಿತು. ವಿಮಲಾಬಾಯಿ ಉಳಿದ ಹೋಳಿಗೆ ಬಿಸಿ ಮಾಡಿ ತಂದಳು.

"ಹಲಗಿ ಯಾವಾಗ ಕೊಡ್ತಿ?"

"ಹದಿನಾಕು ದಿನ ಮುಟ್ಟಬ್ಯಾಡ್ರಿ, ಬಾಯಿ."

"ಇರ್ಲಿ ಬಿಡು. ನನ್ನ ಗಂಡ ಔರಾದ ಬಸ್ಸಿನ ಡ್ರೈವರ್ ಇದ್ದ. ಎರಡ ದಿನ ಮನ್ಯಾಗ ನಿಂತಾಂವ ಅಲ್ಲ. ಈಗರ ನಿಲ್ಲಲಿ."