ಪಲ್ಪರ್ ಸದ್ದಿನಡಿ ಹೂತುಹೋದ ಮಾತು

ಸಕಲೇಶಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಸಿನಿಮಾಗಳ ಸೌಂಡ್ ಮಿಕ್ಸಿಂಗ್ ನನ್ನ ಕಸುಬು. ಹಾನುಬಾಳಿನ ಹತ್ತಿರದ ಎಸ್ಟೇಟಿನಲ್ಲಿ ತೆಗೆದ ಒಂದು ಚಿತ್ರಕ್ಕೆ ಥಿಯೇಟರಿನ ಆರು ಚಾನೆಲ್ ಸರೌಂಡ್ ಮಿಕ್ಸ್ ಮಾಡಿದವನು ನಾನೇ. ಅದರಲ್ಲಿ ನಟಿಸಿದ್ದವರು ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲೇ ಇರುವ, ಕಾಫಿ ಹಣ್ಣು ಕುಯ್ಯುವ ಒಬ್ಬ ಅಕ್ಕ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಪಕ್ಕ ನಿಂತು, ಎಸ್ಟೇಟಿನ ಹಾಜರಿ-ಲೆಕ್ಕ ಬರೆಯುವ ರೈಟರಿಗೆ ಅವರು ಹೇಳುತ್ತಾರೆ: “ನಂಗೂ ಒಂದ್ ಹೆಸ್ರೈತೆ ಕಣ್ರೀ. ಏಯ್ ಅನ್ಬೇಡಿ.” ಯಾರೂ ಬರೆದುಕೊಟ್ಟದ್ದಲ್ಲ, ಅವರದೇ ಮಾತು.

ಚಿತ್ರ ಆನ್‌ಲೈನಿಗೆ ಹೋಗುವಾಗ, ಫೋನಿಗೆಂದೇ ಬೇರೆ ಸ್ಟೀರಿಯೊ ಮಿಕ್ಸ್ ಮಾಡುತ್ತೇನೆ, ಸ್ವಲ್ಪ ಕಾಯಿ ಎಂದು ನಿರ್ದೇಶಕನಿಗೆ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

“ಒಂದ್ ಬಟನ್ ಒತ್ತಿದ್ರೆ ಆರು ಚಾನೆಲ್ ಎರಡಾಗ್ತಾವೆ ಮಾರಾಯ,” ಎಂದ. ಒತ್ತಿ ಕಳಿಸಿಯೂ ಬಿಟ್ಟ. ದೊಡ್ಡ ಹೆಡ್‌ಫೋನಿನಲ್ಲಿ ಕೇಳಿ ತೃಪ್ತನಾಗಿದ್ದ.

ಥಿಯೇಟರಿನಲ್ಲಿ ಮಾತು ಎದುರಿನ ನಡು ಸ್ಪೀಕರಿನಿಂದ ಬರುತ್ತದೆ, ಪಲ್ಪರ್ ಬೆನ್ನ ಹಿಂದೆ ಗರಗರ ಎನ್ನುತ್ತದೆ. ಕಿವಿ ಎರಡನ್ನೂ ಬೇರೆಯಾಗಿಯೇ ಹಿಡಿಯುತ್ತದೆ. ಬಟನ್ ಒತ್ತಿದಾಗ ಮಾತು ತಗ್ಗಿ ಎಡಬಲಕ್ಕೆ ಹಂಚಿಹೋಗುತ್ತದೆ, ಹಿಂದಿದ್ದ ಪಲ್ಪರ್ ಅದರ ಮೇಲೆಯೇ ಬಂದು ಕೂರುತ್ತದೆ. ಫೋನಿನ ಕಿರು ಸ್ಪೀಕರಿನಲ್ಲಿ ಎರಡಕ್ಕೂ ಇರುವುದು ಒಂದೇ ಜಾಗ.

ಅಕ್ಕನ ಮನೆಯಲ್ಲಿ ಚಿತ್ರ ನೋಡಲು ನಾನೂ ನಿರ್ದೇಶಕನೂ ಹೋದೆವು. ಲೈನಿನವರೆಲ್ಲ ಸೇರಿದ್ದರು. ಸದ್ದು ಹೆಚ್ಚಲಿ ಎಂದು ಫೋನಿನ ಬುಡವನ್ನು ಸ್ಟೀಲ್ ಪಾತ್ರೆಯೊಳಗಿಟ್ಟು ನಿಲ್ಲಿಸಿದ್ದರು. ಆ ದೃಶ್ಯ ಬಂತು. ಅಕ್ಕನ ತುಟಿ ಅಲ್ಲಾಡಿತು, ಪಲ್ಪರ್ ಕೂಗಿತು.

“ಬರೀ ಮಿಷನ್ ಸದ್ದೇ ಐತಲ್ಲ,” ಎಂದರು ಅಕ್ಕನ ಗಂಡ.

ಅಕ್ಕ ತಲೆ ತಗ್ಗಿಸಿ, ಫೋನಿನ ಪಕ್ಕ ಕೂತೇ ಆ ಮಾತನ್ನು ಮೆಲ್ಲಗೆ ಹೇಳಿ ತೋರಿಸಿದರು. ಯಾರೋ ನಕ್ಕರು.

“ಇಂಗ್ಲಿಷ್ ಸಬ್‌ಟೈಟಲ್ ಇದೆಯಲ್ಲಕ್ಕಾ,” ಎಂದ ನಿರ್ದೇಶಕ.

ನನ್ನ ಮೈಯೆಲ್ಲ ಉರಿದುಹೋಯಿತು. ಅವನನ್ನು ಅಂಗಳಕ್ಕೆ ಕರೆದು ಹೇಳಿದೆ: “ಅವರ ಮಾತು ಅವರ ಮನೆಯಲ್ಲೇ ಕೇಳದಿದ್ದರೆ ಯಾವನಿಗೆ ತೆಗೆದೆಯೋ ಈ ಸಿನಿಮಾ? ಇದನ್ನು ಬದಲಾಯಿಸು, ಇಲ್ಲದಿದ್ದರೆ ನನ್ನ ಹೆಸರು ತೆಗೆದುಹಾಕು.” ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಮಾತು, ಸಂಗೀತ, ಸದ್ದುಗಳ ಟ್ರ್ಯಾಕುಗಳನ್ನು ಬೇರೆಬೇರೆಯಾಗಿ ತೆಗೆದುಕೊಂಡು ಮತ್ತೆ ಕೂತೆ. ಹಿಂದಿನ ಪಲ್ಪರನ್ನು ಇಳಿಸಿದೆ. ಅಕ್ಕ ಬಾಯಿ ತೆರೆದಾಗ ಇನ್ನಷ್ಟು ತಗ್ಗಿಸಿದೆ. ದನಿಯ ಅಡಿಯ ಗುಂಯ್‌ಗುಟ್ಟುವಿಕೆ ಕಳೆದು, ಅಕ್ಷರ ಬಿಡಿಸಿ ಕೇಳಿಸುವ ಭಾಗವನ್ನು ಎತ್ತಿದೆ. ಲ್ಯಾಪ್‌ಟಾಪಿನಲ್ಲಿ, ಫೋನಿನಲ್ಲಿ, ಕೊನೆಗೆ ಸ್ಟೀಲ್ ಪಾತ್ರೆಯಲ್ಲಿಟ್ಟೂ ಕೇಳಿದೆ. “ಪಲ್ಪರ್ ಎಫೆಕ್ಟೇ ಸತ್ತೋಯ್ತು,” ಎಂದು ನಿರ್ದೇಶಕ ಗೊಣಗಿದ. ಸಾಯಲಿ ಎಂದೆ. ಗೊಣಗುತ್ತಲೇ ಹಳೆಯದನ್ನು ತೆಗೆಸಿ ಇದನ್ನು ಹಾಕಿಸಿದ.

ಮತ್ತೆ ಲೈನಿಗೆ ಹೋದೆ. ಅದೇ ಫೋನು, ಅದೇ ಪಾತ್ರೆ. “ನಂಗೂ ಒಂದ್ ಹೆಸ್ರೈತೆ ಕಣ್ರೀ. ಏಯ್ ಅನ್ಬೇಡಿ.” ಈ ಸಲ ಯಾರೂ ನಗಲಿಲ್ಲ.

ಅಕ್ಕ ಫೋನನ್ನು ಪಾತ್ರೆಯಿಂದ ಎತ್ತಿಕೊಂಡು ಕೇಳಿದರು: “ನಮ್ ರೈಟರ್ ಫೋನಲ್ಲೂ ಹಿಂಗೇ ಕೇಳ್ತದಾ?”